ಹಬೆ ಸೋರಿಲ್ಲ, ಶಾಖವೂ ಹೋಗಿಲ್ಲ, ಹಾಗಾದರೆ ಹಾಳಾಗಿದ್ದೇನು?

ಗೆಳೆಯರೊಬ್ಬರು ಒಂದು ಚಿಕ್ಕ ಡೈರಿಯ ಬಾಯ್ಲರ್ ಮನೆ ನೋಡಿಕೊಳ್ಳುತ್ತಾರೆ. ಅಲ್ಲಿ ಇತ್ತೀಚೆಗೆ ಎನರ್ಜಿ ಆಡಿಟ್ ನಡೆಯಿತು. ವರದಿ ಬಂದ ದಿನವೇ ನನಗೆ ಫೋನ್ ಮಾಡಿದರು. "ವಾಲ್ವ್‌ನಲ್ಲಿ ಶಾಖ ನಷ್ಟ ಸೊನ್ನೆ ಅಂತ ಇವರೇ ಬರೆದಿದ್ದಾರೆ. ಅದರ ಪಕ್ಕದಲ್ಲೇ ಎಕ್ಸರ್ಜಿ ನಾಶ 20% ಅಂತಲೂ ಬರೆದಿದ್ದಾರೆ. ಸೋರಿಕೆ ಇಲ್ಲ, ಪೈಪಿನ ಶಾಖ ತಡೆಯುವ ಹೊದಿಕೆ, ಲ್ಯಾಗಿಂಗ್, ಹೊಸದು. ಶಾಖ ಹೋಗಿಲ್ಲ ಅಂದಮೇಲೆ ಹೋಗಿದ್ದೇನು?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ವರದಿಯ ಎರಡೂ ಸಾಲು ಸರಿಯಾಗಿಯೇ ಇವೆ. ಅದು ಹೇಗೆ ಅನ್ನುವುದನ್ನು ಅದೇ ಮಾದರಿಯ ಒಂದು ಹಬೆ ಲೈನ್ ಇಟ್ಟುಕೊಂಡು, ಲೆಕ್ಕ ಮಾಡಿಯೇ ನೋಡೋಣ.

## ಮೇಲಿನ ಟ್ಯಾಂಕಿನ ನೀರು, ಸಂಪಿನ ನೀರು

ಮನೆಯ ಮಾಳಿಗೆ ಮೇಲೆ 1000 ಲೀಟರಿನ ಟ್ಯಾಂಕ್ ಇದೆ. ನೆಲದ ಕೆಳಗೆ ಸಂಪ್ ಇದೆ. ಟ್ಯಾಂಕಿನ ನೀರನ್ನು ಒಂದು ಪೈಪಿನಲ್ಲಿ ಸುಮ್ನೆ ಸಂಪಿಗೆ ಇಳಿಸಿಬಿಟ್ಟೆವು ಅಂದುಕೊಳ್ಳಿ. ಒಂದು ಹನಿಯೂ ಚೆಲ್ಲಿಲ್ಲ, ಅಳೆದರೆ 1000 ಲೀಟರೇ ಇದೆ. ಆದರೆ ಮೊದಲು ಅದೇ ನೀರು ನಲ್ಲಿಗೆ ತಾನಾಗಿ ಬರುತ್ತಿತ್ತು. ಈಗ ಬರಬೇಕಾದರೆ ಮೋಟರ್ ಹಾಕಬೇಕು. ನೀರು ಉಳಿಯಿತು, ಎತ್ತರ ಹೋಯಿತು.

ಶಾಖಕ್ಕೂ ಇಂಥದ್ದೇ ಒಂದು ಎತ್ತರ ಇದೆ. ಬಚ್ಚಲು ಮನೆಯ ಹಂಡೆಯಿಂದ ಒಂದು ಚೊಂಬು ಕುದಿಯುವ ನೀರು ತೆಗೆದು ಬಕೆಟ್ ತಣ್ಣೀರಿಗೆ ಸುರಿದರೆ ಶಾಖ ಎಲ್ಲೂ ಹೋಗುವುದಿಲ್ಲ, ಬಕೆಟ್ಟಿನಲ್ಲೇ ಇರುತ್ತದೆ. ಆದರೆ ಆ ಉಗುರುಬೆಚ್ಚಗಿನ ನೀರಿನಿಂದ ಕಾಫಿ ಡಿಕಾಕ್ಷನ್ ಇಳಿಸಲು ಆಗುವುದಿಲ್ಲ ಅಲ್ವಾ? ಅದನ್ನು ಮತ್ತೆ ಒಂದು ಚೊಂಬು ಕುದಿ ನೀರು ಮತ್ತು ಉಳಿದ ತಣ್ಣೀರಾಗಿ ಬೇರೆ ಮಾಡಲೂ ಆಗುವುದಿಲ್ಲ.

ಈ "ಎತ್ತರ"ವನ್ನು ಅಳೆಯುವ ಲೆಕ್ಕಕ್ಕೆ ಎಕ್ಸರ್ಜಿ ಅಂತ ಹೆಸರು. ಒಂದು ವಸ್ತುವನ್ನು ಸುತ್ತಲಿನ ಗಾಳಿಯ ಒತ್ತಡಕ್ಕೂ ತಾಪಮಾನಕ್ಕೂ ನಿಧಾನವಾಗಿ ಇಳಿಸುತ್ತಾ, ಏನನ್ನೂ ಹಾಳು ಮಾಡದೆ, ಅದರಿಂದ ಹೆಚ್ಚೆಂದರೆ ಎಷ್ಟು ಕೆಲಸ ಪಡೆಯಬಹುದೋ ಅದು ಅದರ ಎಕ್ಸರ್ಜಿ. ಕೆಲಸ ಅಂದರೆ ಇಲ್ಲಿ ಶಾಫ್ಟ್ ತಿರುಗಿಸುವುದು, ಕರೆಂಟ್ ಮಾಡುವುದು. 1956ರಲ್ಲಿ ಈ ಹೆಸರು ಕೊಟ್ಟವರು ಝೋರಾನ್ ರಾಂಟ್ ಎಂಬ ಸ್ಲೊವೇನಿಯಾದ ಎಂಜಿನಿಯರ್.

ಶಕ್ತಿ ನಾಶವಾಗುವುದಿಲ್ಲ, ಇದನ್ನು ಶಾಲೆಯಲ್ಲೇ ಓದಿದ್ದೇವೆ. ಎಕ್ಸರ್ಜಿ ಮಾತ್ರ ನಾಶವಾಗುತ್ತದೆ. ಹಾಗಾಗಿಯೇ ವರದಿಯಲ್ಲಿ ಒಂದು ಕಡೆ "ನಷ್ಟ", ಇನ್ನೊಂದು ಕಡೆ "ನಾಶ" ಎಂಬ ಬೇರೆ ಬೇರೆ ಪದ ಇರುವುದು.

## ನಾಶವನ್ನು ಅಳೆಯುವುದು ಹೇಗೆ

ಇದಕ್ಕೆ ಎಂಟ್ರೊಪಿ ಬೇಕು. ಹೆಸರು ಕೇಳಿ ಹೆದರಬೇಕಿಲ್ಲ. ಹಬೆಯ ಗುಣಗಳನ್ನು ಪಟ್ಟಿ ಮಾಡಿಟ್ಟ ಸ್ಟೀಮ್ ಟೇಬಲ್‌ನಲ್ಲಿ ಒತ್ತಡ, ತಾಪಮಾನದ ಜೊತೆ `h`, `s` ಎಂಬ ಎರಡು ಕಾಲಂ ಇರುತ್ತವೆ. `h` ಅಂದರೆ ಎಂಥಾಲ್ಪಿ. ಒಂದು ಕಿಲೋ ಹಬೆ ಎಷ್ಟು ಶಾಖ ಹೊತ್ತಿದೆ ಎಂದು ಸ್ಥೂಲವಾಗಿ ತಿಳಿಸುವ ಅಂಕಿ. `s` ಎಂಬುದು ಎಂಟ್ರೊಪಿ. ನಿಜ ಜೀವನದ ಯಾವುದೇ ಕ್ರಿಯೆಯಲ್ಲಿ ಎಲ್ಲರ ಎಂಟ್ರೊಪಿಯನ್ನು ಕೂಡಿದರೆ ಒಟ್ಟು ಮೊತ್ತ ಏರುತ್ತದೆ, ಎಂದಿಗೂ ಇಳಿಯುವುದಿಲ್ಲ. ಹೊಸದಾಗಿ ಹುಟ್ಟಿದ ಈ ಎಂಟ್ರೊಪಿಯನ್ನು ಕೊನೆಗೆ ಸುತ್ತಲಿನ ಗಾಳಿಗೋ ನೀರಿಗೋ ದಾಟಿಸಲೇಬೇಕು. ಅದು ದಾಟುವುದು ಶಾಖದ ರೂಪದಲ್ಲಿ. ಒಂದು ಘಟಕ ಎಂಟ್ರೊಪಿ ದಾಟಿಸಲು ಸುತ್ತಲಿನ ತಾಪಮಾನದಷ್ಟು ಶಾಖವನ್ನು ಬಿಟ್ಟುಕೊಡಬೇಕು. ಕೆಲಸವಾಗಬಹುದಾಗಿದ್ದ ಶಕ್ತಿ ಹಾಗೆ ಬಿಟ್ಟುಕೊಟ್ಟ ಶಾಖವಾಗುತ್ತದೆ. ಆದ್ದರಿಂದ ಸೂತ್ರ ಇಷ್ಟು ಚಿಕ್ಕದು:

```
ಎಕ್ಸರ್ಜಿ ನಾಶ = T0 × (ಹೊಸದಾಗಿ ಹುಟ್ಟಿದ ಎಂಟ್ರೊಪಿ)
```

`T0` ಅಂದರೆ ಸುತ್ತಲಿನ ತಾಪಮಾನ. ಅದನ್ನು ಕೆಲ್ವಿನ್‌ನಲ್ಲೇ ಹಾಕಬೇಕು. ನಮ್ಮ ಲೆಕ್ಕಕ್ಕೆ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್ ಇಟ್ಟುಕೊಳ್ಳೋಣ. ಇಲ್ಲಿ 27 ಅಂತಲೇ ಹಾಕಿಬಿಟ್ಟರೆ ನಾಶ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬರುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

## ನಮ್ಮ ಹಬೆ ಲೈನ್

ಬಾಯ್ಲರ್‌ನಿಂದ 10 ಬಾರ್ ಒತ್ತಡದ ಒಣ ಹಬೆ ಬರುತ್ತದೆ, ಸುಮಾರು 180 ಡಿಗ್ರಿ. ಅದು ಪಿಆರ್‌ವಿ ಎಂಬ ಪ್ರೆಶರ್ ಇಳಿಸುವ ವಾಲ್ವ್ ದಾಟಿ 3 ಬಾರ್‌ಗೆ ಇಳಿಯುತ್ತದೆ. ಆಮೇಲೆ ಹೀಟ್ ಎಕ್ಸ್‌ಚೇಂಜರ್‌ಗೆ ಹೋಗಿ ತಣ್ಣೀರನ್ನು 30ರಿಂದ 80 ಡಿಗ್ರಿಗೆ ಕಾಯಿಸುತ್ತದೆ. ತಾನು ನೀರಾಗಿ, ಅಂದರೆ ಕಂಡೆನ್ಸೇಟ್ ಆಗಿ, 133.5 ಡಿಗ್ರಿಯಲ್ಲಿ, ಹಬೆಯನ್ನು ತಡೆದು ನೀರನ್ನು ಮಾತ್ರ ಬಿಡುವ ಸ್ಟೀಮ್ ಟ್ರ್ಯಾಪ್ ಮೂಲಕ ಹೊರಬರುತ್ತದೆ.

ಇಲ್ಲಿರುವ ಒತ್ತಡವೆಲ್ಲ ನಿಜ ಒತ್ತಡ, ಅಂದರೆ ಗಾಳಿಯ ಒತ್ತಡವನ್ನೂ ಸೇರಿಸಿದ್ದು. ಗೋಡೆಯ ಮೇಲಿನ ಗೇಜ್ 9 ಮತ್ತು 2 ತೋರಿಸುತ್ತಿರುತ್ತದೆ. ಗೇಜಿನ ಅಂಕಿಯನ್ನೇ ನೇರವಾಗಿ ಸ್ಟೀಮ್ ಟೇಬಲ್‌ನಲ್ಲಿ ಹುಡುಕಿದರೆ ಲೆಕ್ಕವೆಲ್ಲ ಪಕ್ಕದ ಸಾಲಿಗೆ ಜಾರುತ್ತದೆ.

ಒಂದು ಕಿಲೋ ಹಬೆಯನ್ನು ಹಿಂಬಾಲಿಸೋಣ. ಬಾಯ್ಲರ್ ಬಾಯಲ್ಲಿ ಅದರ ಎಕ್ಸರ್ಜಿ ಎಷ್ಟು? 27 ಡಿಗ್ರಿ ನೀರಿನ ಎಂಥಾಲ್ಪಿ 113.2, ಎಂಟ್ರೊಪಿ 0.395. ಅದಕ್ಕೆ ಹೋಲಿಸಿ ಲೆಕ್ಕ ಹಾಕಬೇಕು.

```
10 ಬಾರ್ ಒಣ ಹಬೆ: h = 2777.1, s = 6.585
ಎಕ್ಸರ್ಜಿ = (2777.1 − 113.2) − 300 × (6.585 − 0.395)
        = 2663.9 − 1857.0 ≈ 807 kJ/kg
```

ಶಾಖ ಸುಮಾರು 2664 ಕಿಲೋಜೂಲ್ ಇದ್ದರೂ ಅದರಿಂದ ಕೆಲಸವಾಗಿ ಸಿಗಬಹುದಾದದ್ದು 807 ಮಾತ್ರ. ನಮ್ಮ ಕೈಯಲ್ಲಿರುವ ಬಂಡವಾಳ ಇದು.

## ವಾಲ್ವ್ ಒಳಗೆ ಏನಾಗುತ್ತದೆ

ಕುಕ್ಕರಿನ ವೆಯ್ಟ್ ಎದ್ದು ಹಬೆ ಬುಸ್ಸೆಂದು ಬರುವುದನ್ನು ನೆನಪಿಸಿಕೊಳ್ಳಿ. ಆ ರಭಸಕ್ಕೆ ಒಂದು ಚಿಕ್ಕ ಚಕ್ರ ಹಿಡಿದಿದ್ದರೆ ತಿರುಗುತ್ತಿತ್ತು. ಯಾರೂ ಹಿಡಿದಿಲ್ಲ, ರಭಸ ಗಾಳಿಯಲ್ಲಿ ಸುಳಿಯಾಗಿ ಮುಗಿಯಿತು. ಪಿಆರ್‌ವಿ ಒಳಗೂ ನಡೆಯುವುದು ಇದೇ. ಚಿಕ್ಕ ಸಂದಿನಲ್ಲಿ ಹಬೆ ಭಾರೀ ವೇಗದಿಂದ ನುಗ್ಗುತ್ತದೆ. ಆಚೆ ಬದಿಯಲ್ಲಿ ಅಗಲ ಜಾಗ ಸಿಕ್ಕ ಕೂಡಲೇ ಸುಳಿಸುಳಿಯಾಗಿ ತಿರುಗಿ, ತನ್ನೊಳಗೇ ತಿಕ್ಕಾಡಿ ನಿಧಾನವಾಗುತ್ತದೆ. ಆ ವೇಗವೆಲ್ಲ ಶಾಖವಾಗಿ ಅದೇ ಹಬೆಗೆ ವಾಪಸ್ ಸೇರುತ್ತದೆ. ಹೊರಗೆ ಶಾಖ ಹೋಗಲಿಲ್ಲ, ಶಾಫ್ಟ್ ತಿರುಗಲಿಲ್ಲ. ಆದ್ದರಿಂದ `h` ಬದಲಾಗುವುದಿಲ್ಲ, 2777.1 ಹಾಗೇ ಉಳಿಯುತ್ತದೆ. ವರದಿಯ "ಶಾಖ ನಷ್ಟ ಸೊನ್ನೆ" ಎಂಬ ಸಾಲು ಬಂದದ್ದು ಇಲ್ಲಿಂದ.

3 ಬಾರ್ ಒತ್ತಡದಲ್ಲಿ ಅಷ್ಟು ಎಂಥಾಲ್ಪಿ ಇರಬೇಕಾದರೆ ತಾಪಮಾನ ಎಷ್ಟು ಎಂದು ಟೇಬಲ್ ನೋಡಿದರೆ ಸುಮಾರು 157.6 ಡಿಗ್ರಿ ಸಿಗುತ್ತದೆ. ಆ ಜಾಗದಲ್ಲಿ ಎಂಟ್ರೊಪಿ 7.115.

```
ಹುಟ್ಟಿದ ಎಂಟ್ರೊಪಿ = 7.115 − 6.585 = 0.530 kJ/kg·K
ಎಕ್ಸರ್ಜಿ ನಾಶ = 300 × 0.530 = 159 kJ/kg
```

807ರಲ್ಲಿ 159, ಅಂದರೆ 20%. ಗೆಳೆಯರ ವರದಿಯ ಎರಡನೇ ಸಾಲು ಇದೇ. ಗಂಟೆಗೆ ಒಂದು ಟನ್ ಹಬೆ ಹರಿಯುತ್ತಿದ್ದರೆ ಇದು 44 ಕಿಲೋವ್ಯಾಟ್ ಆಗುತ್ತದೆ. ಹೊಲದ 10 ಎಚ್‌ಪಿ ಪಂಪ್‌ಸೆಟ್ ಸುಮಾರು ಆರು ಓಡಬಹುದಾದಷ್ಟು ಶಕ್ತಿ, ಆ ಕೈಯಗಲದ ವಾಲ್ವ್‌ನೊಳಗೆ.

ಇದನ್ನು ಕಣ್ಣಾರೆ ನೋಡಬೇಕಾದರೆ ವಾಲ್ವ್ ಆಚೆ ಬದಿಗೆ ಒಂದು ಥರ್ಮಾಮೀಟರ್ ಇಡಿ. 3 ಬಾರ್ ಹಬೆ ಸಾಮಾನ್ಯವಾಗಿ 133.5 ಡಿಗ್ರಿ ಇರಬೇಕು. ಅಲ್ಲಿ 157 ಹತ್ತಿರ ತೋರಿಸಿದರೆ ಆ 24 ಡಿಗ್ರಿ ಹೆಚ್ಚಳ, ಕಳೆದುಹೋದ ಒತ್ತಡ ಶಾಖವಾಗಿ ತಿರುಗಿದ್ದರ ಗುರುತು. ಒಂದು ಎಚ್ಚರಿಕೆ ಬೇಕು. ಬಾಯ್ಲರ್ ಹಬೆ ಪೂರ್ತಿ ಒಣಗಿರುವುದು ಅಪರೂಪ. 3% ನೀರಿನ ಹನಿ ಬೆರೆತಿದ್ದರೂ ಈ ಶಾಖ ಅದನ್ನು ಒಣಗಿಸುವುದರಲ್ಲೇ ಮುಗಿದು ಥರ್ಮಾಮೀಟರ್ 133.5ರಲ್ಲೇ ನಿಲ್ಲುತ್ತದೆ. ತಾಪಮಾನ ಏರಲಿಲ್ಲ ಅಂತ ನಾಶ ಆಗಿಲ್ಲ ಎಂದುಕೊಳ್ಳಬೇಡಿ. ಆಗ ಹಬೆ ಒದ್ದೆ ಇದೆ ಎಂಬ ಇನ್ನೊಂದು ಸುದ್ದಿ ಸಿಕ್ಕಿದೆ ಅಷ್ಟೇ.

ಈಗ ಹಬೆಯಲ್ಲಿ ಉಳಿದ ಎಕ್ಸರ್ಜಿ 648.

## ಎಕ್ಸ್‌ಚೇಂಜರ್ ಒಳಗೆ ಏನಾಗುತ್ತದೆ

ವಾಲ್ವ್ ಸದ್ದು ಮಾಡುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ಎಕ್ಸ್‌ಚೇಂಜರ್ ಸದ್ದಿಲ್ಲದೆ ನಿಂತಿರುತ್ತದೆ. ಆದರೆ ದೊಡ್ಡ ನಾಶ ನಡೆಯುವುದು ಅದರೊಳಗೆ.

ಹಬೆ ಕೊಡುವ ಶಾಖ 2777.1ರಿಂದ 561.4ರವರೆಗೆ, ಅಂದರೆ ಕಿಲೋಗೆ ಸುಮಾರು 2216 ಕಿಲೋಜೂಲ್. ಒಂದು ಲೀಟರ್ ನೀರನ್ನು 50 ಡಿಗ್ರಿ ಏರಿಸಲು 209 ಬೇಕು. ಒಂದು ಕಿಲೋ ಹಬೆಯಿಂದ 10.6 ಲೀಟರ್ ಬಿಸಿನೀರು ಸಿಗುತ್ತದೆ. ಇಲ್ಲೂ ಶಾಖ ಎಲ್ಲೂ ಹೋಗಲಿಲ್ಲ. ಹೊರ ಮೈ ಮೂಲಕ ಸೋರುವುದನ್ನೂ ಪೈಪಿನೊಳಗಿನ ಚಿಕ್ಕ ಒತ್ತಡ ಇಳಿತವನ್ನೂ ನಾನು ಬಿಟ್ಟಿದ್ದೇನೆ.

ಎಂಟ್ರೊಪಿ ಲೆಕ್ಕದಲ್ಲಿ ಈಗ ಇಬ್ಬರು ಪಾಲುದಾರರು. ಹಬೆಯ ಎಂಟ್ರೊಪಿ ಇಳಿಯುತ್ತದೆ, ನೀರಿನದು ಏರುತ್ತದೆ.

```
ಹಬೆ ಕಳೆದುಕೊಂಡದ್ದು: 7.115 − 1.672 = 5.443
ನೀರು ಪಡೆದದ್ದು: 10.6 × 4.18 × ln(353.15/303.15) = 6.765
ಹುಟ್ಟಿದ ಎಂಟ್ರೊಪಿ = 6.765 − 5.443 = 1.322
ಎಕ್ಸರ್ಜಿ ನಾಶ = 300 × 1.322 ≈ 397 kJ
```

ವಾಲ್ವ್‌ನ ನಾಶದ ಎರಡೂವರೆ ಪಟ್ಟು. ಯಾಕೆ ಇಷ್ಟು ಜಾಸ್ತಿ?

ಕಾರಣ ತಾಪಮಾನದ ಅಂತರ. 133 ಡಿಗ್ರಿಯ ಹಬೆ ಒಂದು ತಗಡಿನ ಈಚೆ, 30 ಡಿಗ್ರಿಯ ನೀರು ಆಚೆ. ಮೇಲಿನ ಟ್ಯಾಂಕಿನಿಂದ ಸಂಪಿಗೆ ಧುಮುಕುವ ನೀರಿನಂತೆ ಶಾಖ ಅಷ್ಟು ಎತ್ತರದಿಂದ ಒಮ್ಮೆಲೇ ಬೀಳುತ್ತದೆ. ನಡುವೆ ಹಿಡಿಯಲು ಏನೂ ಇಲ್ಲ.

ಟೇಬಲ್ ಇಲ್ಲದೆಯೂ ಇದನ್ನು ಕೈ ಲೆಕ್ಕದಲ್ಲಿ ತಾಳೆ ನೋಡಬಹುದು. ಒಂದು ತಾಪಮಾನದಲ್ಲಿ ಸಿಗುವ ಶಾಖದಲ್ಲಿ ಎಷ್ಟು ಪಾಲು ಕೆಲಸವಾಗಬಲ್ಲದು ಎಂಬುದಕ್ಕೆ `1 − T0/T` ಎಂಬ ಚಿಕ್ಕ ಸೂತ್ರ ಇದೆ. ಹಬೆಯ 133.5 ಡಿಗ್ರಿಗೆ, ಅಂದರೆ 406.7 ಕೆಲ್ವಿನ್‌ಗೆ, ಅದು 0.262. ನೀರು ಕಾಯುವಾಗಿನ ಸರಾಸರಿ ತಾಪಮಾನ 327.5 ಕೆಲ್ವಿನ್, ಅಲ್ಲಿ 0.084. ಅಂದರೆ ಪ್ರತಿ 1000 ಕಿಲೋಜೂಲ್ ಶಾಖ ತಗಡು ದಾಟುವಾಗ ಅದರ ಬೆಲೆ 262ರಿಂದ 84ಕ್ಕೆ ಬೀಳುತ್ತದೆ. 2216 ಕಿಲೋಜೂಲ್‌ಗೆ ಗುಣಿಸಿ ನೋಡಿ, 395ರ ಹತ್ತಿರ ಬರುತ್ತದೆ. ಟೇಬಲ್ ಲೆಕ್ಕ 397. ಆ ಚೂರು ವ್ಯತ್ಯಾಸ ವಾಲ್ವ್ ನಂತರದ ಹೆಚ್ಚುವರಿ 24 ಡಿಗ್ರಿಯದು.

ಒಟ್ಟು 807ರ ಲೆಕ್ಕ ಹೀಗಾಯಿತು. ವಾಲ್ವ್‌ನಲ್ಲಿ 159 ನಾಶ, ಎಕ್ಸ್‌ಚೇಂಜರ್‌ನಲ್ಲಿ 397 ನಾಶ, ಕಂಡೆನ್ಸೇಟ್ ಜೊತೆ ಹೋದದ್ದು 65, ಬಿಸಿನೀರಿಗೆ ಸೇರಿದ್ದು 186. ಶಾಖದ ಲೆಕ್ಕದಲ್ಲಿ ಬಿಸಿನೀರಿಗೆ 83% ಸೇರಿದೆ. ಎಕ್ಸರ್ಜಿ ಲೆಕ್ಕದಲ್ಲಿ 23% ಮಾತ್ರ.

## ವಾಲ್ವ್ ಕಿತ್ತುಹಾಕಿದರೆ?

ಇಷ್ಟು ಕೇಳಿದ ಕೂಡಲೇ ಗೆಳೆಯರು ಹೇಳಿದ್ದು, "ಹಾಗಾದರೆ ವಾಲ್ವ್ ತೆಗೆದುಬಿಡೋಣ, 10 ಬಾರ್ ಹಬೆಯನ್ನೇ ನೇರವಾಗಿ ಎಕ್ಸ್‌ಚೇಂಜರ್‌ಗೆ ಕೊಡೋಣ. 20% ಉಳಿಯುತ್ತದೆ." ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

10 ಬಾರ್ ಹಬೆ ಪೂರ್ತಿ ನೀರಾದಾಗ ಕೊಡುವುದು ಕಿಲೋಗೆ 2014.6 ಕಿಲೋಜೂಲ್. ಅಷ್ಟೇ ಬಿಸಿನೀರು ಬೇಕಾದರೆ ಒಂದು ಕಿಲೋ ಬದಲು 1.1 ಕಿಲೋ ಹಬೆ ಬೇಕು. ಈಗ ತಗಡಿನ ಈಚೆ 180 ಡಿಗ್ರಿ, ಆಚೆ ಅದೇ ನೀರು. ಅಂತರ ಇನ್ನೂ ಹೆಚ್ಚಾಯಿತು. ಎಕ್ಸ್‌ಚೇಂಜರ್ ಒಂದರಲ್ಲೇ ನಾಶ ಸುಮಾರು 562. ವಾಲ್ವ್ ಇದ್ದಾಗ ಎರಡೂ ಸೇರಿ 556 ಇತ್ತು.

ಅಂದರೆ ವಾಲ್ವ್ ತೆಗೆದರೆ ನಾಶ ಕಡಿಮೆ ಆಗಲಿಲ್ಲ. ಜಾಗ ಬದಲಿಸಿತು, ಅಷ್ಟೇ. ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ವರದಿಯಲ್ಲಿ ಒಂದು ಯಂತ್ರದ ಎದುರು ದೊಡ್ಡ ಅಂಕಿ ಇದ್ದರೆ ಆ ಯಂತ್ರ ಕೆಟ್ಟದ್ದು ಎಂದು ಅರ್ಥವಲ್ಲ. 180 ಡಿಗ್ರಿಯ ಹಬೆಯಿಂದ 80 ಡಿಗ್ರಿಯ ನೀರು ಮಾಡಬೇಕು ಎಂದು ತೀರ್ಮಾನಿಸಿದಾಗಲೇ ಆ ಎತ್ತರದಿಂದ ಬೀಳುವುದು ನಿಶ್ಚಯವಾಗಿತ್ತು. ಮೊದಲ ಮೆಟ್ಟಿಲಲ್ಲಿ ಬೀಳಲಿಲ್ಲ ಎಂದರೆ ಎರಡನೆಯದರಲ್ಲಿ ಬೀಳುತ್ತದೆ.

ಅದೂ ಅಲ್ಲದೆ ವಾಲ್ವ್ ಅಲ್ಲಿರುವುದಕ್ಕೆ ಕಾರಣಗಳಿವೆ. ಎಕ್ಸ್‌ಚೇಂಜರ್‌ನ ಗ್ಯಾಸ್ಕೆಟ್ 10 ಬಾರ್ ತಡೆಯದಿರಬಹುದು. ಹಾಲು ಹಾಯುವ ಕಡೆಯಾದರೆ ತಗಡು ಜಾಸ್ತಿ ಬಿಸಿಯಾಗಿ ಹಾಲು ಹತ್ತಿಕೊಳ್ಳುತ್ತದೆ. ಹಬೆಯ ಒತ್ತಡವನ್ನು ಸ್ಥಿರವಾಗಿ ಇಡುವುದೂ ಅದೇ.

ಬಾಯ್ಲರನ್ನೇ 3 ಬಾರ್‌ನಲ್ಲಿ ಓಡಿಸಿದರೆ? ವಾಲ್ವ್‌ನ 159 ಕಾಣಿಸುವುದಿಲ್ಲ ನಿಜ. ಆದರೆ ಉರಿಯುವ ಜ್ವಾಲೆ ಸಾವಿರ ಡಿಗ್ರಿ ಮೀರಿರುತ್ತದೆ. ಅಲ್ಲಿಂದ 180ಕ್ಕೆ ಬೀಳುವ ಬದಲು 133ಕ್ಕೆ ಬೀಳುತ್ತದೆ. ನಾಶ ಈ ಸಲ ಬಾಯ್ಲರ್ ಒಳಗೆ ಸೇರಿಕೊಂಡಿತು.

## ನಿಜವಾಗಿ ಏನು ಮಾಡಬಹುದು

ಬೀಳುವ ಜಾಗದಲ್ಲಿ ಒಂದು ಚಕ್ರ ಹಿಡಿಯಬೇಕು. ವಾಲ್ವ್ ಬದಲು ಚಿಕ್ಕ ಬ್ಯಾಕ್ ಪ್ರೆಶರ್ ಟರ್ಬೈನ್ ಇಟ್ಟರೆ ಹಬೆ 10ರಿಂದ 3 ಬಾರ್‌ಗೆ ಇಳಿಯುವಾಗ ಶಾಫ್ಟ್ ತಿರುಗಿಸುತ್ತದೆ. ಟರ್ಬೈನ್ ದಕ್ಷತೆ 60% ಇದೆ ಎಂದುಕೊಂಡರೆ ಕಿಲೋ ಹಬೆಗೆ 131 ಕಿಲೋಜೂಲ್ ಕೆಲಸ ಸಿಗುತ್ತದೆ. ಆ ಮೆಟ್ಟಿಲಿನ ನಾಶ 159ರಿಂದ 64ಕ್ಕೆ ಇಳಿಯುತ್ತದೆ. ಗಂಟೆಗೆ ಒಂದು ಟನ್ ಹಬೆಗೆ ಸುಮಾರು 36 ಕಿಲೋವ್ಯಾಟ್.

ಇದು ಪುಕ್ಕಟೆ ಸಿಗುವುದಲ್ಲ. ಕೆಲಸ ಮಾಡಿದ ಹಬೆಯ ಶಾಖ ಅಷ್ಟೇ ಕಡಿಮೆಯಾಗಿರುತ್ತದೆ. ಅಷ್ಟೇ ಬಿಸಿನೀರಿಗೆ ಸುಮಾರು 6% ಹೆಚ್ಚು ಹಬೆ ಬೇಕು, ಅದಕ್ಕೆ ಸೌದೆಯೋ ಎಣ್ಣೆಯೋ ಹೆಚ್ಚು ಬೇಕು. ಆದರೂ ಇದು ಲಾಭದ ಕರೆಂಟ್. ಇಲ್ಲಿ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಶಾಖ ಸಾಕು. ದೊಡ್ಡ ಕಲ್ಲಿದ್ದಲು ಸ್ಥಾವರದಲ್ಲಿ ಅದೇ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ ಶಾಖ ಸುಡಬೇಕು.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕೋಜನರೇಷನ್ ಎಂದು ಕರೆಯುವುದರ ಹಿಂದಿನ ಯೋಚನೆ ಇದೇ. ಕಬ್ಬಿನ ಸಿಪ್ಪೆ ಉರಿಸಿ ಹೆಚ್ಚು ಒತ್ತಡದ ಹಬೆ ಮಾಡುತ್ತಾರೆ. ಮೊದಲು ಟರ್ಬೈನ್, ಆಮೇಲೆ ಅದರಿಂದ ಹೊರಬಂದ ಕಡಿಮೆ ಒತ್ತಡದ ಹಬೆಯಲ್ಲಿ ರಸ ಕಾಯಿಸುವುದು. ಅಲ್ಲೂ ಪಿಆರ್‌ಡಿಎಸ್ ಎಂಬ ಒತ್ತಡ ಇಳಿಸುವ ವ್ಯವಸ್ಥೆ ಇರುತ್ತದೆ. ಟರ್ಬೈನ್ ಟ್ರಿಪ್ ಆದಾಗ ರಸದ ಕೆಲಸ ನಿಲ್ಲಬಾರದು ಎಂದು ಹಬೆಯನ್ನು ಆ ದಾರಿಯಲ್ಲಿ ಬಿಡುತ್ತಾರೆ. ಅದು ತೆರೆದಿರುವಷ್ಟು ಹೊತ್ತು ನಮ್ಮ ಪಿಆರ್‌ವಿಯ ಕಥೆಯೇ ಅಲ್ಲೂ ನಡೆಯುತ್ತದೆ.

ಚಿಕ್ಕ ಡೈರಿಗೆ ಟರ್ಬೈನ್ ಹೊಂದುತ್ತದೆಯೇ? ಕಷ್ಟ. 10 ಬಾರ್ ಹಬೆಯಲ್ಲಿ ಹೆಚ್ಚುವರಿ ಬಿಸಿ ಇರುವುದಿಲ್ಲ. ಟರ್ಬೈನ್ ಒಳಗೆ ಇಳಿಯುತ್ತಾ ಅದರಲ್ಲಿ 3-4% ನೀರಿನ ಹನಿ ಹುಟ್ಟುತ್ತವೆ. ಆ ಹನಿಗಳು ಬ್ಲೇಡ್‌ಗೆ ಬಡಿದು ಸವೆಸುತ್ತವೆ. ಬಿಸಿನೀರು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಬೇಕಾಗುವ ಜಾಗದಲ್ಲಿ ಹಾಕಿದ ದುಡ್ಡು ವಾಪಸ್ ಬರುವುದು ತಡ.

ಅಂಥ ಕಡೆ ಮೊದಲು ನೋಡಬೇಕಾದ್ದು ಟ್ರ್ಯಾಪ್ ನಂತರದ ಪೈಪು. ಕಂಡೆನ್ಸೇಟ್‌ನಲ್ಲಿ ಎಕ್ಸರ್ಜಿ 8% ಮಾತ್ರ ಇದ್ದರೂ ಶಾಖ 17% ಇದೆ. ಅದು ಹೊರಗಾಳಿಗೆ ಬಂದ ಕೂಡಲೇ 6% ಮತ್ತೆ ಹಬೆಯಾಗಿ ಹಾರುತ್ತದೆ. ಬಾಯ್ಲರ್ ಮನೆ ಹಿಂದೆ ಮೋರಿಯ ಹತ್ತಿರ ಬೆಳ್ಳಗೆ ಹೊಗೆಯಂತೆ ಏಳುವುದು ಅದೇ. ಈ ನೀರನ್ನು ಬಾಯ್ಲರ್‌ಗೆ ನೀರು ಕೊಡುವ ಫೀಡ್ ಟ್ಯಾಂಕಿಗೆ ತಿರುಗಿಸಿದರೆ, ಫೀಡ್ ನೀರು 6 ಡಿಗ್ರಿ ಏರಿದಂತೆಲ್ಲ ಸುಮಾರು 1% ಇಂಧನ ಉಳಿಯುತ್ತದೆ ಎಂಬುದು ಬಾಯ್ಲರ್ ಮನೆಗಳಲ್ಲಿ ಬಳಕೆಯಲ್ಲಿರುವ ಲೆಕ್ಕ.

ಗೆಳೆಯರ ಡೈರಿಯಲ್ಲಿ ಆ ಪೈಪು ಇಷ್ಟು ದಿನ ಮೋರಿಗೇ ಹೋಗುತ್ತಿತ್ತು. ವರದಿಯ ಆ ಪುಟದಲ್ಲಿ ಪಿಆರ್‌ವಿ ಎದುರಿದ್ದ 20% ಅಂಕಿಗೆ ಮಾತ್ರ ಕೆಂಪು ಗೆರೆ ಎಳೆದಿದ್ದರು. ಈ ವಾರ ಅವರು ಫಿಟ್ಟರ್‌ನನ್ನು ಕರೆಸಿ, ಟ್ರ್ಯಾಪ್‌ನಿಂದ ಫೀಡ್ ಟ್ಯಾಂಕ್‌ವರೆಗೆ ಎಷ್ಟು ಅಡಿ ಪೈಪ್ ಬೇಕು ಎಂದು ಅಳತೆ ತೆಗೆಸಿದ್ದಾರೆ.